ಒಂದೇ ಇಳಕಲ್ ಸೀರೆ, ಮೂರು ರೀಲ್ಸ್: ಜನ ಒಬ್ಬರಿಗೊಬ್ಬರು ಕಳಿಸುವ ವಿಡಿಯೋಗೇ ನನ್ನ ಓಟು

ಇಳಕಲ್‌ನಲ್ಲಿ ನಮ್ಮದು ಚಿಕ್ಕ ಸೀರೆ ಅಂಗಡಿ. ಹಿಂದುಗಡೆ ಒಂದು ಕೈಮಗ್ಗ ಇದೆ. ಎರಡು ತಿಂಗಳು ಇನ್‌ಸ್ಟಾಗ್ರಾಂನಲ್ಲಿ ಮೂರು ತರದ ರೀಲ್ಸ್ ಹಾಕಿ ನೋಡಿದೆ. ಮೊದಲನೆಯದು ಜನ ಕೊನೆವರೆಗೂ ನೋಡಲಿ ಅಂತ, ಎರಡನೆಯದು ಸೇವ್ ಮಾಡಲಿ ಅಂತ, ಮೂರನೆಯದು ಇನ್ನೊಬ್ಬರಿಗೆ ಕಳಿಸಲಿ ಅಂತ. ಗೆದ್ದದ್ದು ಮೂರನೆಯದೇ. ಎರಡನೆಯದಕ್ಕೆ ದುಡ್ಡು ಕೊಟ್ಟು ಕೆಟ್ಟೆ.

ಮೊದಲನೆಯದು ಕೊಂಡಿ ಹಾಕುವ ವಿಡಿಯೋ. ಸೀರೆ ಮೈಯ ಉದ್ದದ ಎಳೆಗಳಿಗೂ ಕೆಂಪು ಸೆರಗಿನ ಉದ್ದದ ಎಳೆಗಳಿಗೂ ಒಂದೊಂದಾಗಿ ಕುಣಿಕೆ ಸೇರಿಸುವುದನ್ನು ಹತ್ತಿರದಿಂದ ತೆಗೆದೆ. 60 ಸೆಕೆಂಡಿನ ವಿಡಿಯೋ, ಸರಾಸರಿ 18 ಸೆಕೆಂಡ್ ನೋಡಿದರು. ಅದನ್ನೇ 20 ಸೆಕೆಂಡಿಗೆ ಇಳಿಸಿ, ಬೆರಳು ಎಳೆ ಹೊಸೆಯುವಲ್ಲಿಂದಲೇ ಶುರು ಮಾಡಿದೆ. ಆಗ ಸರಾಸರಿ 13 ಸೆಕೆಂಡ್. ಸೆಕೆಂಡ್ ಲೆಕ್ಕದಲ್ಲಿ ಇದು ಕಡಿಮೆ. ಆದರೆ ಮೂರರಲ್ಲೊಂದು ಪಾಲೂ ನೋಡದಿದ್ದವರು ಈಗ ಹತ್ತಿರ ಹತ್ತಿರ ಮೂರರಲ್ಲಿ ಎರಡು ಪಾಲು ನೋಡಿದರು. ಹೊಸಬರಿಗೆ ಹೆಚ್ಚು ತಲುಪಿದ್ದು ಈ ಚಿಕ್ಕದೇ. ನೋಡಿ ಖುಷಿಪಟ್ಟರು, ಮುಂದೆ ಹೋದರು. ಅಂಗಡಿಗೆ ಫೋನ್ ಬಂದದ್ದು ಕಡಿಮೆ.

ಎರಡನೆಯದು "ಕೈಮಗ್ಗದ ಸೀರೆ ಗುರುತಿಸೋದು ಹೇಗೆ": ಸೆರಗು ಸೇರುವ ಕಡೆ ಕೊಂಡಿ ನೋಡಿ, ಮೊದಲ ಸಲ ಬೇರೆ ಬಟ್ಟೆ ಜೊತೆ ಒಗೆಯಬೇಡಿ, ನೆರಳಲ್ಲಿ ಒಣಗಿಸಿ. ಸೇವ್ ಮಾಡಿಟ್ಟುಕೊಳ್ಳುವ ವಿಷಯ ಇದು. ಕಾಯಲು ನನಗೆ ತಾಳ್ಮೆ ಇರಲಿಲ್ಲ. ಒಬ್ಬರು 1,500 ರೂಪಾಯಿ ತಗೊಂಡು ಒಂದು ವಾಟ್ಸಾಪ್ ಗುಂಪಿಗೆ ಸೇರಿಸಿದರು. ಅಲ್ಲಿ ಎಲ್ಲರೂ ಎಲ್ಲರ ವಿಡಿಯೋ ಸೇವ್ ಮಾಡಬೇಕು.

ಮೊದಲ ಗಂಟೆಯಲ್ಲೇ 52 ಸೇವ್! ಸಂಜೆ ಹೊತ್ತಿಗೆ ತಲುಪಿದವರು 610. ಅಲ್ಲಿಗೆ ನಿಂತೇ ಹೋಯಿತು. ಎರಡು ದಿನ ಬಿಟ್ಟು, ಯಾರು ಎಷ್ಟು ಹೊತ್ತು ನೋಡಿದರು ಅಂತ ತೋರಿಸುವ ಇನ್‌ಸೈಟ್ಸ್ ತೆರೆದರೆ ನೋಡುವವರ ಗೆರೆ ಎರಡನೇ ಸೆಕೆಂಡಿಗೇ ಬಾವಿಗೆ ಬಿದ್ದಂತೆ ಕೆಳಗಿಳಿದಿತ್ತು. ಗುಂಪಿನವರು ತೆರೆದಿದ್ದಾರೆ, ಸೇವ್ ಒತ್ತಿದ್ದಾರೆ, ಹೋಗಿದ್ದಾರೆ. ಸೇವ್ ಜಾಸ್ತಿ ಇದ್ದು ನೋಡಿದ ಸಮಯ ಇಲ್ಲದಿದ್ದರೆ ಆ ಸೇವ್ ಸುಳ್ಳು ಅಂತ ನನ್ನ ಲೆಕ್ಕ.

ಇದರಿಂದ ಇನ್ನೂ ಒಂದು ಕೆಡುಕಿದೆ. ಯಾರಿಗೆ ಯಾವ ವಿಡಿಯೋ ತೋರಿಸಬೇಕು ಅಂತ ನಿರ್ಧರಿಸುವ ಅಲ್ಗಾರಿದಂ ಒಟ್ಟು ಸೇವ್ ಎಣಿಸಿ ಎಲ್ಲರಿಗೂ ಒಂದೇ ರ‍್ಯಾಂಕ್ ಕೊಡುವುದಿಲ್ಲ. ಒಬ್ಬೊಬ್ಬ ನೋಡುಗರಿಗೂ ಬೇರೆ ಬೇರೆ ಅಂದಾಜು ಕಟ್ಟುತ್ತದೆ: ಇವರು ಇದನ್ನು ಎಷ್ಟು ಹೊತ್ತು ನೋಡಬಹುದು, ಲೈಕ್ ಮಾಡಬಹುದಾ, ಯಾರಿಗಾದರೂ ಕಳಿಸಬಹುದಾ? ಪ್ರತಿ ಅಂದಾಜಿಗೂ ಒಂದು ತೂಕ ಇದೆ, ಎಲ್ಲ ಕೂಡಿಸಿ ಸಾಲು ಮಾಡುತ್ತದೆ. ಆ ಅಂದಾಜಿಗೆ ಮೊದಲು ನೋಡಿದವರ ನಡವಳಿಕೆಯೂ ಸೇರುತ್ತದೆ. ನಮ್ಮ ಗುಂಪಿನಲ್ಲಿ ಇದ್ದವರು ಮೊಬೈಲ್ ರಿವ್ಯೂ ಮಾಡುವವರು, ಜಿಮ್ ವಿಡಿಯೋ ಹಾಕುವವರು. ಸೀರೆ ವಿಡಿಯೋ ಅಂಥವರ ಕಡೆಗೇ ಹೋಯಿತು. ತಲುಪಿದವರಲ್ಲಿ ಮುಕ್ಕಾಲು ಪಾಲು ಗಂಡು ಹುಡುಗರು. ಅವರು ಇಳಕಲ್ ಸೀರೆ ಯಾಕೆ ನೋಡ್ತಾರೆ, ಅಲ್ವಾ? ನಂತರದ ಎರಡು ವಿಡಿಯೋಗಳೂ ಅದೇ ದಾರಿ ಹಿಡಿದವು. ಗುಂಪು ಬಿಟ್ಟು ಮೂರು ವಾರ ಆದಮೇಲೆ ಹೆಣ್ಣುಮಕ್ಕಳು ಮತ್ತೆ ಕಾಣತೊಡಗಿದರು.

ಇನ್ನೊಂದು ಮಾತು. ಇನ್‌ಸ್ಟಾಗ್ರಾಂ ಮುಖ್ಯಸ್ಥ ಆಡಂ ಮೊಸ್ಸೇರಿ 2025ರ ಜನವರಿಯಲ್ಲಿ ಅಲ್ಗಾರಿದಂ ನೋಡುವ ಮುಖ್ಯವಾದ ಮೂರು ಸಂಕೇತ ಹೇಳಿದರು: ನೋಡಿದ ಸಮಯ, ತಲುಪಿದವರಲ್ಲಿ ಲೈಕ್ ಮಾಡಿದವರ ಪಾಲು, ಕಳಿಸಿದವರ ಪಾಲು. ನಮ್ಮನ್ನು ಫಾಲೋ ಮಾಡದವರಿಗೆ ತಲುಪಲು ಕಳಿಸಿದ್ದಕ್ಕೇ ಹೆಚ್ಚು ತೂಕ ಅಂತಲೂ ಹೇಳಿದರು. ಸೇವ್ ಆ ಮೂರರಲ್ಲಿ ಇಲ್ಲ. ಇದು ಮೊದಲೇ ಗೊತ್ತಿದ್ದರೆ ನನ್ನ 1,500 ಉಳಿಯುತ್ತಿತ್ತು.

ಮೂರನೆಯದು 22 ಸೆಕೆಂಡಿನದು. ಅವ್ವನ ಹಳೇ ಸೀರೆ ಹರಡಿ, ಪಕ್ಕದಲ್ಲಿ ನಾಲ್ಕು ತರದ ದಡಿ, ಅಂದರೆ ಸೀರೆ ಅಂಚು, ಒಂದೊಂದಾಗಿ ಇಟ್ಟೆ. ಮೇಲೆ ಒಂದೇ ಸಾಲು: "ನಿಮ್ಮ ಅಜ್ಜಿ ಸೀರಿ ದಡಿ ಇದರಾಗ ಯಾವುದು?" ತಲುಪಿದವರು 4,200, ಕಳಿಸಿದವರು 126. ಅಂದರೆ ನೂರಕ್ಕೆ ಮೂವರು. ಕೊಂಡಿ ವಿಡಿಯೋದಲ್ಲಿ ನೂರಕ್ಕೆ ಒಬ್ಬರೂ ಇರಲಿಲ್ಲ. ಕಾಮೆಂಟಿನಲ್ಲಿ ಒಬ್ಬರು ತಂಗಿಯನ್ನು ಕರೆದು ಬರೆದಿದ್ದರು: "ನೋಡವಾ, ಅಮ್ಮನ ಟ್ರಂಕಿನಾಗ ಇರೋದು ಇದ ಐತಿ." ಸೀರೆ ಒಬ್ಬರೇ ಕೂತು ಆರಿಸುವ ವಸ್ತು ಅಲ್ಲ. ಅಕ್ಕತಂಗಿಯರು, ಅತ್ತಿಗೆ, ಮಗಳು ಎಲ್ಲರ ಅಭಿಪ್ರಾಯ ಬೇಕು. ಹಾಗಾಗಿ ಯಾರಿಗೆ ಕಳಿಸಿದರೋ ಅವರೂ ಹೆಚ್ಚಾಗಿ ಸೀರೆ ಉಡುವವರೇ ಆಗಿರುತ್ತಾರೆ, ಅಲ್ಗಾರಿದಂಗೂ ಸರಿಯಾದ ಜನ ಸಿಗುತ್ತಾರೆ.

ಒಂದು ಮಿತಿ ಇದೆ. ವಿಡಿಯೋ ಡೌನ್‌ಲೋಡ್ ಮಾಡಿ ವಾಟ್ಸಾಪ್ ಸ್ಟೇಟಸ್‌ಗೆ ಹಾಕಿದರೆ ಅಲ್ಲಿ ಎಷ್ಟು ಜನ ನೋಡಿದರೂ ನಮ್ಮ ರೀಲ್ಸ್ ಲೆಕ್ಕಕ್ಕೆ ಬರುವುದಿಲ್ಲ. ಆದರೂ ಅಂಗಡಿಗೆ ಗಿರಾಕಿ ಬರುತ್ತಾರೆ.

ನನಗೆ ಶೂಟಿಂಗ್‌ಗೆ ಸಿಗುವುದು ಭಾನುವಾರ ಮಧ್ಯಾಹ್ನ ಮಾತ್ರ. ಖರ್ಚು ಮಾಡಲು ದುಡ್ಡೂ ಇಲ್ಲ. ಅದಕ್ಕೆ ಜನ ಇನ್ನೊಬ್ಬರಿಗೆ ಕಳಿಸುವಂಥ ವಿಡಿಯೋ ವಾರಕ್ಕೆ ಎರಡು, ಎರಡೂ 25 ಸೆಕೆಂಡಿನ ಒಳಗೆ. ಗುರುತಿಸುವ, ಒಗೆಯುವ ಆ ಎರಡನೇ ವಿಡಿಯೋವನ್ನು ಪ್ರೊಫೈಲ್ ಮೇಲೆ ಪಿನ್ ಮಾಡಿದ್ದೇನೆ, ಸೀರೆ ಕೊಂಡವರಿಗೆ ಅದರ ಲಿಂಕ್ ಕಳಿಸುತ್ತೇನೆ. ಈ ಭಾನುವಾರ ಅತ್ತಿಗೆಯ ಚಿಕ್ಕಿಪರಾಸ್ ದಡಿ ಸೀರೆ ತೆಗೆಯಬೇಕು. ಬೆಳಕು ನಾಲ್ಕು ಗಂಟೆಗೆ ಚೆನ್ನಾಗಿರುತ್ತದೆ.