ಹಳ್ಳದ ನೀರೋ, ಮಾಳಿಗೆ ಟ್ಯಾಂಕೋ: ಪಿಕೋ ಟರ್ಬೈನ್ ಎಲ್ಲಿಗೆ?

ಪಿಕೋ ಟರ್ಬೈನ್ ಎಂದರೆ ಬೀಳುವ ನೀರಿನಿಂದ ಮನೆಮಟ್ಟಿಗೆ ವಿದ್ಯುತ್ ತಯಾರಿಸುವ ಪುಟ್ಟ ಯಂತ್ರ. ಎಷ್ಟು ವಿದ್ಯುತ್ ಸಿಗುತ್ತದೆ ಎಂಬ ಲೆಕ್ಕ ಸುಲಭ: ಸೆಕೆಂಡಿಗೆ ಎಷ್ಟು ಲೀಟರ್, ಎಷ್ಟು ಮೀಟರ್ ಎತ್ತರ, ಎರಡನ್ನೂ ಗುಣಿಸಿ 5ರಿಂದ ಗುಣಿಸಿ. ಅರ್ಧದಷ್ಟು ನಷ್ಟ ಕಳೆದು ಸಿಗುವ ವ್ಯಾಟ್ ಅದು.

ಮಲೆನಾಡಿನ ಹಳ್ಳದಲ್ಲಿ 20 ಲೀಟರಿನ ಬಕೆಟ್ 4 ಸೆಕೆಂಡಿಗೆ ತುಂಬಿದರೆ ಹರಿವು ಸೆಕೆಂಡಿಗೆ 5 ಲೀಟರ್. ಅದು 20 ಮೀಟರ್ ಎತ್ತರದಿಂದ ಇಳಿದರೆ 500 ವ್ಯಾಟ್, ಹಗಲೂ ರಾತ್ರಿ ಓಡಿದರೆ ದಿನಕ್ಕೆ 12 ಯೂನಿಟ್. ಆದರೆ ಅಳೆಯುವುದು ಮಳೆಗಾಲದಲ್ಲಲ್ಲ, ಮಾರ್ಚ್‌ನಲ್ಲಿ. ಪೈಪಿನಲ್ಲೂ ಜಿಪುಣತನ ಬೇಡ: ಇಷ್ಟು ಹರಿವಿಗೆ 63 ಮಿ.ಮೀ. ಪೈಪ್ 100 ಮೀಟರ್ ಉದ್ದಕ್ಕೆ ಸುಮಾರು 6 ಮೀಟರ್ ಎತ್ತರ ನುಂಗುತ್ತದೆ, 90 ಮಿ.ಮೀ. ಬರೀ ಒಂದು. ನಲ್ಲಿ ಮುಚ್ಚಿದಾಗಿನ ಒತ್ತಡ ನೋಡಿ ಮೋಸಹೋಗಬೇಡಿ, ನೀರು ಹರಿಯುವಾಗಿನದೇ ಲೆಕ್ಕಕ್ಕೆ.

ಮಾಳಿಗೆಯ 1000 ಲೀಟರ್ ಟ್ಯಾಂಕ್ 10 ಮೀಟರ್ ಎತ್ತರದಲ್ಲಿದ್ದರೂ ಪೂರ್ತಿ ಖಾಲಿಯಾದಾಗ ಸಿಗುವುದು ಸುಮಾರು 14 ವ್ಯಾಟ್-ಅವರ್: 9 ವ್ಯಾಟಿನ ಬಲ್ಬಿಗೆ ಒಂದೂವರೆ ಗಂಟೆ. ಆ ನೀರು ಮೇಲೇರಿಸಲು ಪಂಪು ತಿಂದದ್ದು ಇದರ ಹಲವು ಪಟ್ಟು, ಮೇಲಾಗಿ ಟರ್ಬೈನ್ ಒತ್ತಡ ನುಂಗುವುದರಿಂದ ಷವರ್ ನೀರೂ ಸಣ್ಣಗಾಗುತ್ತದೆ.