ತಿರುಪು ಕ್ರೌನಿನ ಡೈವರ್ ವಾಚು: ಕೆಲವು ವರ್ಷಗಳ ಬಳಕೆಯ ನಂತರ

ಇನ್ನೂರು ಮೀಟರ್ ನೀರುನಿರೋಧಕವೆಂದು ಹಿಂಬದಿಯಲ್ಲಿ ಕೆತ್ತಿದ ಈ ಆಟೊಮ್ಯಾಟಿಕ್ ವಾಚನ್ನು ನಾನು ಕೊಂಡದ್ದು ಸಮುದ್ರಕ್ಕೆ ಧುಮುಕುವುದಕ್ಕಲ್ಲ, ಬೆಂಗಳೂರಿನ ಮಳೆಯಲ್ಲಿ ದ್ವಿಚಕ್ರ ವಾಹನ ಓಡಿಸುವುದಕ್ಕೆ. ಹದಿನೈದು ಸಾವಿರದೊಳಗಿನ ನನ್ನ ಲೆಕ್ಕಾಚಾರಕ್ಕೆ ಅದು ಒಗ್ಗಿತು. ಡಯಲ್, ಪಟ್ಟಿ, ರೇಡಿಯಂ ಹೊಳಪಿನ ವಿಚಾರವನ್ನು ಬೇರೆಯವರು ಬರೆದಿದ್ದಾರೆ. ನಾನು ಬರೆಯಬೇಕಾದದ್ದು ಅದರ ಕ್ರೌನಿನ, ಅಂದರೆ ಕೀ ಕೊಡುವ ಪಕ್ಕದ ಗುಂಡಿಯ ಬಗ್ಗೆ. ಮನೆಯಲ್ಲಿದ್ದ ಹಳೆಯ ಎಚ್‌ಎಂಟಿಗೆ ದಿನಾ ಬೆಳಿಗ್ಗೆ ಕೀ ಕೊಟ್ಟು ಅಭ್ಯಾಸವಾದ ಕೈಗೆ, ತಿರುಪು ಬಿಚ್ಚಿದ ಮೇಲೆ ಮಾತ್ರ ಹೊರಬರುವ ಕ್ರೌನು ಹೊಸದೇ ಅನುಭವ.

ಕೈಯ ಅಲುಗಾಟದಿಂದಲೇ ಕೀ ತುಂಬಿಕೊಳ್ಳುವ ಈ ವಾಚನ್ನು ವಾರಾಂತ್ಯದಲ್ಲಿ ಕಟ್ಟದೆ ಇಡುವುದರಿಂದ ಸೋಮವಾರ ಬೆಳಿಗ್ಗೆ ಅದು ನಿಂತಿರುತ್ತದೆ. ಕೈಯಲ್ಲಿ ಕಟ್ಟಿಕೊಂಡೇ ಕ್ರೌನನ್ನು ಎಳೆದರೆ ಒಳಗಿನ ಸಣ್ಣ ಕಡ್ಡಿಗೆ ಓರೆಯಾಗಿ ಬಲ ಬೀಳುತ್ತದೆ. ಆದ್ದರಿಂದ ವಾಚನ್ನು ಬಿಚ್ಚಿ, ಡಯಲ್ ಮೇಲಾಗಿ, ಕ್ರೌನು ಬಲಕ್ಕಿರುವಂತೆ ಹಿಡಿಯುತ್ತೇನೆ. ಕ್ರೌನಿನ ಮೇಲ್ಭಾಗ ನಮ್ಮ ಕಡೆಗೆ ಉರುಳುವಂತೆ ತಿರುಗಿಸುತ್ತ ಹೋದರೆ ಥ್ರೆಡ್ಡು ಮುಗಿದು, ಒಳಗಿನ ಸ್ಪ್ರಿಂಗು ಅದನ್ನು ತಾನಾಗಿಯೇ ಹೊರಕ್ಕೆ ತಳ್ಳುತ್ತದೆ. ಈಗ ಅದು ಕೀ ಕೊಡುವ ಸ್ಥಾನದಲ್ಲಿದೆ. ಒಂದು ಹಂತ ಎಳೆದರೆ ದಿನಾಂಕ, ಇನ್ನೊಂದು ಹಂತ ಎಳೆದರೆ ಮುಳ್ಳುಗಳು.

ಉದಾಹರಣೆಗೆ, ವಾಚು 11.20ಕ್ಕೆ ನಿಂತಿದೆ, ಕಿಂಡಿಯಲ್ಲಿ 14 ಇದೆ, ಇಂದು 16 ಎಂದುಕೊಳ್ಳಿ. ಆ 11.20 ಹಗಲಿನದೋ ರಾತ್ರಿಯದೋ ನೋಡಿದರೆ ತಿಳಿಯುವುದಿಲ್ಲ. ರಾತ್ರಿ ಒಂಬತ್ತರಿಂದ ಬೆಳಗಿನ ಜಾವ ಮೂರರವರೆಗೆ ದಿನಾಂಕ ಬದಲಿಸುವ ಹಲ್ಲುಗಳು ಕೂಡಿಕೊಂಡಿರುವುದರಿಂದ, ಆಗ ದಿನಾಂಕವನ್ನು ನೇರವಾಗಿ ತಿರುಗಿಸಿದರೆ ಅವು ಹಾಳಾಗಬಹುದು. ಹಾಗಾಗಿ ಮೊದಲು ಮುಳ್ಳುಗಳನ್ನು ಮುಂದಕ್ಕೆ ಆರೂವರೆಗೆ ತರುತ್ತೇನೆ, ನಂತರ ಒಂದು ಹಂತ ಒಳಗೊತ್ತಿ ದಿನಾಂಕವನ್ನು 15ಕ್ಕೆ ನಿಲ್ಲಿಸುತ್ತೇನೆ. ಆಮೇಲೆ ಮತ್ತೆ ಪೂರ್ತಿ ಎಳೆದು, ದಿನಾಂಕ 16ಕ್ಕೆ ಹಾರುವವರೆಗೆ ಮುಳ್ಳುಗಳನ್ನು ಮುಂದಕ್ಕೆ ಓಡಿಸಿದರೆ ಅದೇ ಮಧ್ಯರಾತ್ರಿ. ಅಲ್ಲಿಂದ ಬೆಳಗಿನ ಏಳಕ್ಕೆ ಬರುವುದು ಸುಲಭ.

ಈಗ ಮುಚ್ಚುವ ಕೆಲಸ, ನನಗೆ ಅತ್ಯಂತ ಪ್ರಿಯವಾದದ್ದು. ಮೊದಲು ಎಳೆದ ಹಂತಗಳನ್ನೆಲ್ಲ ಒಳಗೊತ್ತಬೇಕು. ಇಲ್ಲದಿದ್ದರೆ ತಿರುಪು ಹಾಕುವಾಗ ದಿನಾಂಕವೋ ಮುಳ್ಳುಗಳೋ ಅಲುಗಾಡುತ್ತವೆ. ನಂತರ ಸ್ಪ್ರಿಂಗಿನ ಬಲಕ್ಕೆ ಎದುರಾಗಿ, ಓರೆಯಾಗದಂತೆ ನೇರವಾಗಿ ಒತ್ತಿ ಹಿಡಿದು, ಬಿಚ್ಚುವ ದಿಕ್ಕಿಗೇ ಸ್ವಲ್ಪ ಹಿಂದಕ್ಕೆ ತಿರುಗಿಸಬೇಕು. ತಿರುಪು ಡಬ್ಬಿಯ ಮುಚ್ಚಳ ಹಾಕುವಾಗ ಹಿಂದಕ್ಕೆ ತಿರುಗಿಸಿದರೆ ಒಂದೆಡೆ ಟಕ್ಕೆಂದು ಕೂರುವಂತೆ, ಇಲ್ಲಿಯೂ ಥ್ರೆಡ್ಡಿನ ತುದಿಗಳು ಸರಿಯಾಗಿ ಎದುರಾದಾಗ ಬೆರಳಿಗೆ ಸಣ್ಣ ಕುಸಿತ ತಿಳಿಯುತ್ತದೆ. ಆಗ ದಿಕ್ಕು ಬದಲಿಸಿದರೆ ಕ್ರೌನು ಯಾವ ಒತ್ತಾಯವೂ ಇಲ್ಲದೆ ಒಳಕ್ಕೆ ಇಳಿಯುತ್ತದೆ. ಅರ್ಧ ಸುತ್ತಿನಲ್ಲೇ ಬಿಗಿಯಾದರೆ, ಅಥವಾ ಕ್ರೌನಿಗೂ ಕೇಸಿಗೂ ನಡುವಿನ ಸಂದು ಒಂದು ಬದಿಯಲ್ಲಿ ಅಗಲವಾಗಿ ಕಂಡರೆ, ಥ್ರೆಡ್ಡು ಅಡ್ಡ ಬಿದ್ದಿದೆ ಎಂದರ್ಥ. ಬಲ ಹಾಕದೆ ಬಿಚ್ಚಿ ಮತ್ತೆ ಆರಂಭಿಸಬೇಕು. ಬೆರಳ ತುದಿಯ ಬಿಗಿ ಸಾಕು. ನೀರನ್ನು ತಡೆಯುವುದು ಲೋಹವಲ್ಲ, ಅದರಡಿ ಒತ್ತಿ ಕೂರುವ ರಬ್ಬರ್ ಉಂಗುರ. ಹೆಚ್ಚು ಬಿಗಿದರೆ ಆ ಉಂಗುರ ಚಪ್ಪಟೆಯಾಗುತ್ತದೆ, ಥ್ರೆಡ್ಡೂ ಸವೆಯುತ್ತದೆ.

ನನ್ನ ಅಸಮಾಧಾನವಿರುವುದೂ ಈ ಕ್ರೌನಿನಲ್ಲೇ. ಅದನ್ನು ಕಾಯುವ ಎರಡು ಲೋಹದ ಭುಜಗಳು ಎಷ್ಟು ಹತ್ತಿರವಿವೆಯೆಂದರೆ, ಸ್ವಲ್ಪ ದಪ್ಪ ಬೆರಳಿನವರು ಕ್ರೌನನ್ನು ನೇರವಾಗಿ ಹಿಡಿಯುವುದೇ ಕಷ್ಟ, ಹಿಡಿತ ಓರೆಯಾದರೆ ಥ್ರೆಡ್ಡೂ ಅಡ್ಡ ಬೀಳುತ್ತದೆ. ಕಳೆದ ಮಳೆಗಾಲದಲ್ಲಿ ವಾಚನ್ನು ಎರವಲು ಪಡೆದ ನನ್ನ ತಮ್ಮ, ಸಮಯ ಸರಿಮಾಡಿ ಕ್ರೌನನ್ನು ಬರಿದೇ ಒಳಗೊತ್ತಿ ಬಿಟ್ಟಿದ್ದ. ಸ್ಪ್ರಿಂಗಿರುವ ಕ್ರೌನು ಹಾಗೆ ನಿಲ್ಲುವುದಿಲ್ಲ. ಮಳೆಯಲ್ಲಿ ನೆನೆದು ಹವಾನಿಯಂತ್ರಿತ ಕಚೇರಿಯೊಳಗೆ ಹೋದಾಗ ಗಾಜಿನ ಒಳಮೈ ಮಂಜಾಯಿತು. ಆ ಮಂಜು ಹೊರಗಿನದಾಗಿದ್ದರೆ ಒರೆಸಿದಾಗ ಹೋಗಬೇಕಿತ್ತು. ಚಿಕ್ಕಪೇಟೆಯ ರಿಪೇರಿಯವರು ಅಂದೇ ಹಿಂಬದಿ ಬಿಚ್ಚಿ ಒಣಗಿಸಿ, ಉಂಗುರಗಳನ್ನು ಬದಲಿಸಿ, ಸಿಲಿಕಾನ್ ಗ್ರೀಸ್ ಸವರಿ, ಒತ್ತಡ ಪರೀಕ್ಷೆ ಮಾಡಿ ಕೊಟ್ಟರು. ಒಂದೆರಡು ದಿನ ತಡವಾಗಿದ್ದರೆ ಉಕ್ಕಿನ ಬಿಡಿಭಾಗಗಳಿಗೆ ತುಕ್ಕು ಹಿಡಿಯುತ್ತಿತ್ತು ಎಂದರು.

ಅಂದಿನಿಂದ ವರ್ಷ ಎರಡು ವರ್ಷಕ್ಕೊಮ್ಮೆ ಉಂಗುರ ಪರೀಕ್ಷೆಯ ಖರ್ಚನ್ನೂ ವಾಚಿನ ಬೆಲೆಗೇ ಸೇರಿಸಿದ್ದೇನೆ, ಗೀಸರಿನ ಬಿಸಿನೀರು ಮತ್ತು ಸೋಪಿನಿಂದ ದೂರವಿಡುತ್ತೇನೆ. ದಿನಾ ಕಟ್ಟುವವರಿಗೆ ಇದು ಒಳ್ಳೆಯ ವಾಚು. ಕ್ರೌನು ಮುಟ್ಟುವ ಅಗತ್ಯವೇ ಅಪರೂಪ. ನನ್ನಂತೆ ವಾರಕ್ಕೊಮ್ಮೆ ಬಿಚ್ಚಿ ಮುಚ್ಚುವವರು ಕೊಳ್ಳುವ ಮುನ್ನ ಅಂಗಡಿಯಲ್ಲೇ ಕೆಲವು ಸಲ ತಿರುಪು ಹಾಕಿ ನೋಡಲಿ. ಪ್ರತಿ ಸಲವೂ ಮೊದಲ ಸುತ್ತು ನುಣುಪಾಗಿ ಇಳಿಯದಿದ್ದರೆ ಬೇರೆ ವಾಚನ್ನು ತೋರಿಸಲು ಹೇಳಲಿ.