ಜ್ಯೂಸ್ ಮಿಷಿನ್, ಹಣ್ಣಿಲ್ಲದ ನಾಲ್ಕು ವಾರ, ಆಮೇಲೆ ಪಪ್ಪಾಯ

ತೂಕ ಇಳಿಸಲು ಹಣ್ಣಿನ ವಿಷಯದಲ್ಲಿ ಮೂರು ದಾರಿ ಹಿಡಿದು ನೋಡಿದೆ: ಜ್ಯೂಸ್ ಮಾಡಿ ಕುಡಿಯುವುದು, ಹಣ್ಣೇ ಬಿಡುವುದು, ಕೊಯ್ದು ಜಗಿದು ತಿನ್ನುವುದು. ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಕೊಯ್ದ ಪಪ್ಪಾಯಕ್ಕೆ. 9,000 ರೂಪಾಯಿ ಕೊಟ್ಟು ತಂದ ಕೋಲ್ಡ್ ಪ್ರೆಸ್ ಜ್ಯೂಸರ್ ಈಗ ಅಟ್ಟದಲ್ಲಿ, ಅಜ್ಜಿಯ ಕಾಲದ ಭರಣಿಗಳ ಪಕ್ಕ ಕೂತಿದೆ. ಪೆಟ್ಟಿಗೆ ಬಿಚ್ಚುವಾಗಲೇ ಅಮ್ಮ ಕೇಳಿದ್ದರು, "ಹಣ್ಣು ತಿನ್ಲಿಕ್ಕೂ ಮಿಷಿನ್ ಬೇಕಾ ಮಗಾ?" ಅಂತ. ನಾನು ಕೇಳಲಿಲ್ಲ.

ಆಗ ನನ್ನ ತೂಕ 78 ಕೆಜಿ. ದಿನಕ್ಕೆ ಸುಮಾರು 2,150 ಕ್ಯಾಲೊರಿ ಖರ್ಚಾಗುತ್ತದೆ ಅಂತ ಲೆಕ್ಕ ಹಾಕಿ, 1,700ಕ್ಕೆ ಊಟ ಹೊಂದಿಸಿಕೊಂಡಿದ್ದೆ. ಅಂದರೆ ದಿನಕ್ಕೆ 450 ಕಡಿಮೆ. ಒಂದು ಕೆಜಿ ಕೊಬ್ಬಿಗೆ ಸುಮಾರು 7,700 ಕ್ಯಾಲೊರಿ ಅಂತ ಹಿಡಿದರೆ ವಾರಕ್ಕೆ 400 ಗ್ರಾಂ ಇಳಿಯಬೇಕು. ಬೆಳಿಗ್ಗೆ ಒಂದು ಲೋಟ, ಸಂಜೆ ಒಂದು ಲೋಟ ಮೂಸಂಬಿ ಜ್ಯೂಸ್, ಸಕ್ಕರೆ ಇಲ್ಲ, ನೀರಿಲ್ಲ. ಆರು ವಾರ ಕುಡಿದೆ. ಇಳಿದದ್ದು 800 ಗ್ರಾಂ.

ತಪ್ಪು ಎಲ್ಲಿ ಅಂತ ಗೊತ್ತಾಗಲು ಬಹಳ ದಿನ ಹಿಡಿಯಿತು, ಯಾಕೆಂದರೆ ಜ್ಯೂಸನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಹಣ್ಣು ತಾನೇ, ಅದಕ್ಕೆಂತ ಲೆಕ್ಕ ಅಂತ! ಒಂದು ದಿನ ಸುಮ್ನೆ ಲೋಟ ಅಳೆದು ನೋಡಿದೆ, 350 ಮಿಲಿ. ಅದಕ್ಕೆ ಐದು ಮೂಸಂಬಿ ಹೋಗಿತ್ತು. ಹೆಚ್ಚುಕಡಿಮೆ 150 ಕ್ಯಾಲೊರಿ, ಎರಡು ಲೋಟಕ್ಕೆ 300. ನನ್ನ 450ರಲ್ಲಿ ಉಳಿದದ್ದು 150 ಮಾತ್ರ. ಅದನ್ನು ಆರು ವಾರಕ್ಕೆ ಗುಣಿಸಿ ನೋಡಿ, ಸರಿಯಾಗಿ ಆ 800 ಗ್ರಾಮೇ ಬರುತ್ತದೆ.

ಐದು ಮೂಸಂಬಿ ಸುಲಿದು ತಿನ್ನು ಅಂದರೆ ನಾನು ಎರಡಕ್ಕೇ ನಿಲ್ಲಿಸುತ್ತೇನೆ. ಕುಡಿಯುವುದಕ್ಕೆ ಒಂದು ನಿಮಿಷ ಸಾಕು. ನಾರೆಲ್ಲ ಮಿಷಿನಿನ ಹಿಂದಿನ ಡಬ್ಬಕ್ಕೆ ಬಿದ್ದಿರುತ್ತದೆ, ಹೊಟ್ಟೆಗೆ ಏನೋ ಬಂತು ಅಂತ ಅನಿಸುವುದೇ ಇಲ್ಲ. ಕುಡಿದು ಅರ್ಧ ಗಂಟೆಯಲ್ಲಿ ಎಂದಿನ ನಾಲ್ಕು ಇಡ್ಲಿಯನ್ನು ನಾಲ್ಕೂ ತಿಂದಿರುತ್ತಿದ್ದೆ. ವಿಶ್ವ ಆರೋಗ್ಯ ಸಂಸ್ಥೆ 2015ರ ಮಾರ್ಗಸೂಚಿಯಲ್ಲಿ ಜ್ಯೂಸಿನ ಸಕ್ಕರೆಯನ್ನು ಜೇನುತುಪ್ಪ, ಸೇರಿಸಿದ ಸಕ್ಕರೆಗಳ ಸಾಲಿಗೇ ಹಾಕಿದೆ. ಇಡೀ ಹಣ್ಣಿನೊಳಗಿನ ಸಕ್ಕರೆಯನ್ನು ಹಾಗೆ ಎಣಿಸುವುದಿಲ್ಲ. ಹಣ್ಣು ಅದೇ, ಸಕ್ಕರೆಯೂ ಅದೇ, ಆದರೂ ಸಾಲು ಬೇರೆ.

ಇನ್ನು ಆ ಜಾಲರಿ ತೊಳೆಯುವ ಕೆಲಸ. ಹಳೇ ಟೂತ್‌ಬ್ರಷ್ ಹಿಡಿದು ಸಿಂಕಿನ ಮುಂದೆ ಹತ್ತು ನಿಮಿಷ ಉಜ್ಜಬೇಕು. ಅದರ ಬಗ್ಗೆ ಮಾತೇ ಬೇಡ.

ಎರಡನೆಯದು ಜಿಮ್ಮಿನ ಗೆಳೆಯನ ಐಡಿಯಾ. "ಹಣ್ಣು ಬಿಡಿ ಅಣ್ಣ, ಫ್ರಕ್ಟೋಸ್ ಸೀದಾ ಲಿವರಿಗೆ ಹೋಗಿ ಕೊಬ್ಬಾಗ್ತದೆ." ಇದರಲ್ಲಿ ಅರ್ಧ ನಿಜ. ಫ್ರಕ್ಟೋಸ್ ಅಂದರೆ ಹಣ್ಣಿನಲ್ಲಿರುವ ಒಂದು ಬಗೆಯ ಸಕ್ಕರೆ, ಅದನ್ನು ಜಾಸ್ತಿ ಸಂಭಾಳಿಸುವುದು ಲಿವರೇ. ಖರ್ಚಿಗಿಂತ ಹೆಚ್ಚು ತಿನ್ನುತ್ತಾ, ಮೇಲಿಂದ ರಾಶಿಗಟ್ಟಲೆ ಸಿಹಿ ಪಾನೀಯ ಕುಡಿದರೆ ಅದರಲ್ಲಿ ಸ್ವಲ್ಪ ಭಾಗ ಕೊಬ್ಬಾಗುತ್ತದೆ. ಆದರೆ ಪ್ರಮಾಣ ನೋಡಬೇಕಲ್ಲ? 300 ಗ್ರಾಂ ಪಪ್ಪಾಯದಲ್ಲಿ ಒಟ್ಟು ಸಕ್ಕರೆ ಸುಮಾರು 24 ಗ್ರಾಂ, ಅದರಲ್ಲಿ ಫ್ರಕ್ಟೋಸ್ ಹೆಚ್ಚುಕಡಿಮೆ ಅರ್ಧ. 600 ಮಿಲಿ ಕೋಲಾ ಬಾಟಲಿಯಲ್ಲಿ ಸಕ್ಕರೆಯೇ 60 ಗ್ರಾಂ ದಾಟುತ್ತದೆ. ಇಡೀ ದಿನದ ಲೆಕ್ಕದಲ್ಲಿ ಖರ್ಚಿಗಿಂತ ಕಡಿಮೆ ತಿನ್ನುತ್ತಿದ್ದರೆ, ಹಣ್ಣಿನಿಂದ ಚೂರು ಕೊಬ್ಬು ಆದರೂ ಅದಕ್ಕಿಂತ ಜಾಸ್ತಿ ಕರಗುತ್ತಿರುತ್ತದೆ.

ಇದೆಲ್ಲ ಆಮೇಲೆ ಅರ್ಥ ಆದದ್ದು. ಆಗ ಹಣ್ಣೂ ಬಿಟ್ಟೆ, ರಾತ್ರಿಯ ಅನ್ನವೂ ಬಿಟ್ಟೆ. ಮೊದಲ ವಾರವೇ 1.1 ಕೆಜಿ ಇಳಿದು ಕುಣಿದಾಡಿದೆ, ಆದರೆ ಅದರಲ್ಲಿ ಬಹುಪಾಲು ನೀರು. ಮೈಯಲ್ಲಿ ಕೂಡಿಟ್ಟ ಪಿಷ್ಟದ ಜೊತೆಗೆ ಸುಮಾರು ಮೂರು ಪಟ್ಟು ನೀರೂ ಇರುತ್ತದೆ, ಪಿಷ್ಟ ಕಡಿಮೆಯಾದರೆ ಅದೂ ಹೊರಟುಹೋಗುತ್ತದೆ. ಎರಡನೇ ವಾರದಿಂದ ಸಂಜೆ ಐದಕ್ಕೆ ಹಸಿವು, ಆಫೀಸಿನ ಕೆಳಗೆ ಬಿಸಿ ಬಿಸಿ ಗೋಳಿಬಜೆ. ನಾಲ್ಕೈದು ತಿಂದು ಚಟ್ನಿ ನೆಕ್ಕಿದರೆ ಅವತ್ತಿನ ಉಳಿತಾಯದ ಮುಕ್ಕಾಲು ಪಾಲು ಎಣ್ಣೆಯಲ್ಲೇ ಹೋಯಿತು. ಬೆಳಿಗ್ಗೆ ಹೊಟ್ಟೆಯೂ ಸರಿ ಹೋಗುತ್ತಿರಲಿಲ್ಲ. ನಾಲ್ಕು ವಾರದ ಕೊನೆಗೆ 76.4.

ಮೂರನೆಯದು ಈಗಿನ ಪದ್ಧತಿ. ಮಧ್ಯಾಹ್ನ ಕುಚ್ಚಲಕ್ಕಿ ಅನ್ನವನ್ನು 100 ಗ್ರಾಂ ಕಡಿಮೆ ಬಡಿಸಿಕೊಳ್ಳುತ್ತೇನೆ, ಸುಮಾರು 130 ಕ್ಯಾಲೊರಿ ಉಳಿಯುತ್ತದೆ. ಆ 130ನ್ನು ಸಂಜೆ ಐದಕ್ಕೆ ಹಣ್ಣಿಗೆ ಖರ್ಚು ಮಾಡುತ್ತೇನೆ. ಅದಕ್ಕೆ ಪಪ್ಪಾಯವಾದರೆ 300 ಗ್ರಾಂ, ಬಚ್ಚಂಗಾಯಿಯಾದರೆ 400 ಗ್ರಾಮಿಗೂ ಸ್ವಲ್ಪ ಮೇಲೆ, ಪೇರಳೆಯಾದರೆ ಎರಡು ಬರುತ್ತವೆ. ಪೇರಳೆಯಲ್ಲಿ ನಾರು ಜಾಸ್ತಿ, ಬೀಜ ಸಮೇತ ಜಗಿಯಲು ಹೊತ್ತು ಹಿಡಿಯುತ್ತದೆ, ಗೋಳಿಬಜೆಯ ನೆನಪು ಅಷ್ಟರಲ್ಲಿ ಹೋಗಿರುತ್ತದೆ. ಪಪ್ಪಾಯ ಮಾತ್ರ ಬೆಳಿಗ್ಗೆಯೇ ಕೊಯ್ದು ಡಬ್ಬಿಗೆ ಹಾಕಬೇಕು, ಇಲ್ಲದಿದ್ದರೆ ಸಂಜೆ ಸೋಮಾರಿತನ ಗೆಲ್ಲುತ್ತದೆ. ರಾತ್ರಿ ಬರೀ ಹಣ್ಣು ತಿಂದು ಮಲಗುವುದನ್ನೂ ಮೂರು ದಿನ ಮಾಡಿದ್ದೆ. ಪ್ರೋಟೀನ್ ಇಲ್ಲ, ರಾತ್ರಿ ಹನ್ನೊಂದಕ್ಕೆ ಚಕ್ಕುಲಿ ಡಬ್ಬ ತೆರೆದೆ. ಊಟದಲ್ಲಿ ಮೀನೋ ಮೊಟ್ಟೆಯೋ ಕಾಳೋ ಇರಲೇಬೇಕು.

ಶುರು ಮಾಡಿದ ಮೊದಲ ವಾರ ತೂಕ 600 ಗ್ರಾಂ ಏರಿತು. ಹೆದರಬೇಡಿ, ಹೊರಟುಹೋದ ಅದೇ ನೀರು ವಾಪಸು ಬಂದದ್ದು. ಟೇಪು ಹಿಡಿದು ನೋಡಿದರೆ ಸೊಂಟ ಇದ್ದ ಹಾಗೇ ಇತ್ತು. ಹತ್ತು ವಾರಕ್ಕೆ 72.9.

ಇದರಲ್ಲೂ ಒಂದು ಕಿರಿಕಿರಿ ಉಂಟು, ಬಾಳೆಹಣ್ಣು. ಮೊಬೈಲ್ ಆ್ಯಪಿನಲ್ಲಿ "ಒಂದು ಬಾಳೆಹಣ್ಣು" ಅಂತ ಹಾಕಿದರೆ 105 ಕ್ಯಾಲೊರಿ ಅನ್ನುತ್ತದೆ. ಯಾವ ಊರಿನ ಬಾಳೆಹಣ್ಣು? ನಮ್ಮ ಕದಳಿ ಸುಲಿದರೆ 55 ಗ್ರಾಂ, ಐವತ್ತು-ಅರವತ್ತು ಕ್ಯಾಲೊರಿ ಆದರೆ ಹೆಚ್ಚು. ನೇಂದ್ರವನ್ನು ತಕ್ಕಡಿಗಿಟ್ಟೆ. ಸಿಪ್ಪೆ ಸಮೇತ 260 ಗ್ರಾಂ, ಸುಲಿದ ಮೇಲೆ 170. ಅದರ ತಿರುಳು ಗಟ್ಟಿ, ಪಿಷ್ಟ ಜಾಸ್ತಿ, 100 ಗ್ರಾಮಿಗೆ ಸುಮಾರು 120 ಕ್ಯಾಲೊರಿ, ಅಂದರೆ ಒಂದಕ್ಕೇ 200. ಆ್ಯಪ್ ನಂಬಿ ದಿನಕ್ಕೆ ಎರಡು ನೇಂದ್ರ ತಿಂದವನ ಲೆಕ್ಕದಲ್ಲಿ 190 ಕ್ಯಾಲೊರಿ ಕಾಣೆ. ಸಿಪ್ಪೆ ಸಮೇತ ತೂಗಿ ಬರೆದರೆ ಇನ್ನೊಂದು ಕಡೆ ತಪ್ಪುತ್ತದೆ, ಮೂರನೇ ಒಂದು ಭಾಗ ಸಿಪ್ಪೆಯೇ ಅಲ್ವಾ. ಹಾಗಾಗಿ ಬಾಳೆ ಒಂದನ್ನು ಮಾತ್ರ ಸುಲಿದೇ ತೂಗುತ್ತೇನೆ.

ಖರ್ಜೂರ ನನಗಲ್ಲ. 100 ಗ್ರಾಮಿಗೆ 280 ಕ್ಯಾಲೊರಿ, ಕೈ ನಿಲ್ಲುವುದಿಲ್ಲ.

ಅಮ್ಮನಿಗೆ ಶುಗರ್ ಇರುವುದರಿಂದ ಅವರ ಬಟ್ಟಲು ಬೇರೆ. ಎಷ್ಟು ಅಂತ ಡಾಕ್ಟರು ಹೇಳಿದಷ್ಟೇ. ನನ್ನ ಲೆಕ್ಕ ಅವರಿಗೆ ಹೊಂದುವುದಿಲ್ಲ.

ದುಡ್ಡಿನ ವಿಷಯಕ್ಕೆ ಬಂದರೆ ಜ್ಯೂಸಿಗೆ ದಿನಕ್ಕೆ ಹತ್ತು ಮೂಸಂಬಿ ಬೇಕಿತ್ತು. ಈಗ ಸೆಂಟ್ರಲ್ ಮಾರ್ಕೆಟಿನಿಂದ ತಂದ ಒಂದು ಪಪ್ಪಾಯ ಮೂರು ದಿನ ಬರುತ್ತದೆ. ದುಬಾರಿ ಹಣ್ಣು ಬೇಕೇ ಬೇಕು ಅನ್ನುವವರಿಗೆ, ಜಗಿಯಲು ಪುರುಸೊತ್ತಿಲ್ಲದವರಿಗೆ ನನ್ನ ಪದ್ಧತಿ ಹಿಡಿಸಲಿಕ್ಕಿಲ್ಲ.

ಹಲಸಿನ ಕಾಲದಲ್ಲಿ ಮಾತ್ರ ತಕ್ಕಡಿ ಕೆಲಸಕ್ಕೆ ಬರುವುದಿಲ್ಲ. ಪುತ್ತೂರಿನ ದೊಡ್ಡಮ್ಮನ ಮನೆ ಜಗಲಿಯಲ್ಲಿ ಕೂತು ಸೊಳೆ ತಿನ್ನುವಾಗ ತೂಗುತ್ತಾ ಕೂರಲು ಆಗುತ್ತದಾ? ಹತ್ತು ಸೊಳೆಗೆ ಸುಮಾರು 200 ಕ್ಯಾಲೊರಿ, ಅಷ್ಟು ಗೊತ್ತಿದ್ದರೆ ಸಾಕು. ಬೀಜ ಬಿಸಾಡದೆ ಎದುರಿಗೆ ಸಾಲಾಗಿ ಇಟ್ಟುಕೊಳ್ಳುತ್ತೇನೆ. ಹತ್ತಾದ ಕೂಡಲೇ ಎದ್ದು ಕೈ ತೊಳೆಯುತ್ತೇನೆ, ಎಣ್ಣೆ ಹಚ್ಚದೆ ಕೂತಿದ್ದರೆ ಮೇಣ ಹೋಗುವುದಿಲ್ಲ ಎಂಬ ಬೈಗುಳವನ್ನೂ ಕೇಳಿಸಿಕೊಂಡು. ಬೀಜ ದೊಡ್ಡಮ್ಮನ ಸಾರಿಗೆ ಹೋಗುತ್ತದೆ.